ಒಂದು ಬೋರ್ಡು, ಎರಡು ತಾರೀಖು

ದೋಣಿಗಲ್ಲಿನ ಆಸ್ಟಿನ್ ಅವರಿಗೆ ಅರಬ್ಬಿ ಬರುತ್ತಿತ್ತು. ಇದರಲ್ಲಿ ಯಾರೂ ಕೊಂಕು ತೆಗೆಯುವಂತಿಲ್ಲ. ಕುವೈತಿನ ಸರ್ಕಾರಿ ಕಚೇರಿಯೊಂದರ ಎದುರಿಗಿದ್ದ ಟೈಪಿಂಗ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು, ಊರಿನವರದೆಲ್ಲ ಅರ್ಜಿ ಬರೆದುಕೊಟ್ಟ ಮನುಷ್ಯ. ಸಮಸ್ಯೆ ಏನೆಂದರೆ, ಅವರು ತಮಗೆ ಪರ್ಷಿಯನ್ನೂ ಬರುತ್ತದೆ ಎಂದು ಹೇಳಿಬಿಟ್ಟಿದ್ದರು.

ಹೇಳಿದ್ದು ಜಾನಿಸ್‌ಗೆ. ಅವಳು ಆಸ್ಟಿನ್ ಅವರ ಹೆಂಡತಿ ಲಿಲಿಯನ್‌ಳ ಅಕ್ಕನ ಮಗಳು, ಬೆಂಗಳೂರಿನ ಒಂದು ಅನುವಾದದ ಕಂಪನಿಯಲ್ಲಿ ಮೇಲ್ವಿಚಾರಕಿ. ಪ್ರವಾಸಿಗರು ಓಡಾಡುವ ಕಡೆಯ ಸಾರ್ವಜನಿಕ ಬೋರ್ಡುಗಳ ಫೋಟೋ ತೆಗೆದು, ಅದರಲ್ಲಿರುವುದನ್ನು ಬೇರೆ ಬೇರೆ ಭಾಷೆಗೆ ತರುವುದು ಕಂಪನಿಯ ಕೆಲಸ. ಅರಬ್ಬಿಗೆ ತರುವುದು ಆಸ್ಟಿನ್. ಒಂದು ದಿನ ಜಾನಿಸ್ ಫೋನ್ ಮಾಡಿ, "ಅಂಕಲ್, ಪರ್ಷಿಯನ್ ಅನುವಾದ ಪರೀಕ್ಷೆ ಮಾಡ್ಲಿಕ್ಕೆ ಯಾರೂ ಸಿಗ್ತಾ ಇಲ್ಲ. ನಿಮ್ಗೆ ಬರ್ತದಾ?" ಎಂದಳು. ಆಗ ಅಡುಗೆಮನೆಯಿಂದ ಲಿಲಿಯನ್ ಕಿವಿಗೊಟ್ಟು ಕೇಳುತ್ತಿದ್ದಳು. ಹೆಂಡತಿ ಕೇಳಿಸಿಕೊಳ್ಳುತ್ತಿರುವಾಗ ಇಲ್ಲ ಎನ್ನುವುದು ಹೇಗೆ? "ಅದೂ ಅದೇ ಅಕ್ಷರ ಅಲ್ವಾ ಮಾರಾಯ್ತಿ. ಬಲಗಡೆಯಿಂದ ಎಡಗಡೆಗೆ. ಕಳಿಸು" ಎಂದುಬಿಟ್ಟರು.

ಅವರ ಪರೀಕ್ಷೆಯ ಕ್ರಮ ಬಹಳ ಸರಳ. ತಮ್ಮ ಅರಬ್ಬಿ ಅನುವಾದ ಒಂದು ಕಡೆ, ಬಂದ ಪರ್ಷಿಯನ್ ಇನ್ನೊಂದು ಕಡೆ ಇಟ್ಟುಕೊಳ್ಳುವುದು. ಹೊಂದಿದರೆ ಪಾಸು, ಹೊಂದದಿದ್ದರೆ ಫೇಲು. ಫೋಟೋ ಒಂದೇ, ಬೋರ್ಡು ಒಂದೇ, ಮತ್ತೆ ಎರಡು ಥರ ಬರಲು ಹೇಗೆ ಸಾಧ್ಯ ಎನ್ನುವುದು ಅವರ ವಾದ.

ಈ ವಾದಕ್ಕೆ ಸಿಕ್ಕಿ ಒದ್ದಾಡುತ್ತಿದ್ದವಳು ಮಗ್ಗೆಯ ಶಿವಲೀಲಾ. ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮಾಡುವಾಗ ಹಳೇ ಫರ್ಮಾನುಗಳನ್ನು ಓದಲೆಂದು ಪರ್ಷಿಯನ್ ಕಲಿತು, ಆಮೇಲೆ ಒಬ್ಬ ಇರಾನಿ ಹುಡುಗಿಯ ಜೊತೆ ಎರಡು ವರ್ಷ ಒಂದೇ ರೂಮಿನಲ್ಲಿದ್ದವಳು. ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಕ್ಕಿದ್ದು ಇದೇ ಮೊದಲು, ಅದೂ ಪ್ರಾಯೋಗಿಕವಾಗಿ. ಮೂರು ಫೇಲಾದರೆ ಮನೆಗೆ. ಮೊದಲನೆಯದರಲ್ಲಿ ಅವಳು ಈ ವರ್ಷವನ್ನು 1404 ಎಂದು ಬರೆದಿದ್ದಳು. ಹಿಜರಿ ಲೆಕ್ಕದಲ್ಲಿ ಇದು 1447 ಎಂದು ಆಸ್ಟಿನ್ ಅವರಿಗೆ ಗೊತ್ತಿಲ್ಲವೇ? ಹುಡುಗಿ ನಲವತ್ತು ವರ್ಷ ಹಿಂದೆ ಹೋಗಿದ್ದಾಳೆ ಎಂದು ಫೇಲು ಹಾಕಿದರು. ಎರಡನೆಯದರಲ್ಲಿ ಮಾತು ಉದ್ದವಾಯಿತೆಂದು ಫೇಲು. ಮೂರನೆಯದು ವನಗೂರು ಕಡೆಯ ಗುಡ್ಡದ ರಸ್ತೆಯ ಬೋರ್ಡು.

ಆ ಬೋರ್ಡಿನಲ್ಲಿ ಇದ್ದದ್ದು ಇಷ್ಟು: ಬಂಡೆ ಸಿಡಿಸುವ ಕೆಲಸ ಇರುವುದರಿಂದ ನವೆಂಬರ್ 10ರಿಂದ 14ರವರೆಗೆ ರಸ್ತೆ ಬಂದ್. ಆನೆ ಸಂಚಾರವಿದೆ, ವಾಹನ ನಿಲ್ಲಿಸಬಾರದು, ಕೆಳಗೆ ಇಳಿಯಬಾರದು. ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ. ಶಿವಲೀಲಾಳ ಪರ್ಷಿಯನ್ನಿನಲ್ಲಿ ಹತ್ತು ಹತ್ತೊಂಬತ್ತಾಗಿತ್ತು, ಹದಿನಾಲ್ಕು ಇಪ್ಪತ್ತಮೂರಾಗಿತ್ತು! ಆಸ್ಟಿನ್ ತಲೆ ತಲೆ ಚಚ್ಚಿಕೊಂಡು ಫೇಲು ಹಾಕಿದರು. ಅಷ್ಟಕ್ಕೇ ಬಿಡದೆ, ಹುಡುಗಿ ಕಲಿಯಲಿ ಎಂಬ ದೊಡ್ಡ ಮನಸ್ಸಿನಿಂದ ತಾವೇ ತಿದ್ದಿಯೂ ಕಳಿಸಿದರು. ತೀರ್ಪು ಬದಲಿಸಲು ನವೆಂಬರ್ ಎಂಟರ ಶನಿವಾರ ಸಂಜೆ ಐದರವರೆಗೆ ಸಮಯವಿತ್ತು. ಬದಲಿಸುವ ಯೋಚನೆ ಅವರಿಗೆ ಕನಸಿನಲ್ಲೂ ಇರಲಿಲ್ಲ.

ಆ ಶನಿವಾರ ಮೂರು ಗಂಟೆಗೆ ಶಿವಲೀಲಾ ಬಸ್ಸಿಳಿದು ಅವರ ಮನೆ ಬಾಗಿಲಿಗೇ ಬಂದು ನಿಂತಳು.

"ಆಸ್ಟಿನ್ ಅಂಕಲ್ ಮನೆ ಇದೇನಾ? ನಾನು ಶಿವಲೀಲಾ ಅಂತ. ಮಗ್ಗೆಯಿಂದ ಬಂದೆ. ಮೂರು ಸಲ ಫೇಲ್ ಮಾಡ್ಬುಟ್ರಲ್ಲ, ಅದೇ ಹುಡ್ಗಿ."

ಆಸ್ಟಿನ್ ಅವರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ವಿಳಾಸ ಕೊಟ್ಟವಳು ಜಾನಿಸ್ ಎಂದು ಆಮೇಲೆ ತಿಳಿಯಿತು. ಲಿಲಿಯನ್ ಮಾತ್ರ ನೆಂಟರು ಬಂದಂತೆ ಸಂಭ್ರಮಪಟ್ಟು, "ಒಳಗೆ ಬಾ ಮಗಾ. ಇವ್ರು ಕಚ್ಚೂದಿಲ್ಲ" ಎಂದು ಕೂರಿಸಿ, ತಟ್ಟೆಗೆ ಕಡುಬು ಹಾಕಿಕೊಟ್ಟಳು.

"ಅಂಕಲ್, ತಪ್ಪು ತಿಳ್ಕಬೇಡಿ" ಎಂದು ಶಿವಲೀಲಾ ಶುರು ಮಾಡಿದಳು. "ನಿಮ್ಗೆ ಪರ್ಷಿಯನ್ ಬರ್ತದಾ?"

"ಬರದೆ ನಂಗೆ ಕಳಿಸ್ತಾರಾ?" ಎಂದು ಆಸ್ಟಿನ್ ಗಂಟಲು ಸರಿಮಾಡಿಕೊಂಡರು. ಬಾಗಿಲಲ್ಲಿ ಲಿಲಿಯನ್ ನಿಂತಿದ್ದಳಲ್ಲ. "ಬೋರ್ಡಿನಲ್ಲಿ ಏನುಂಟೋ ಅದು ಬರೀಬೇಕು. ನೀನು ಲುತ್ಫನ್, ಲುತ್ಫನ್ ಅಂತ ಎರಡೆರಡು ಸಲ ದಯವಿಟ್ಟು ಹಾಕಿದ್ದಿ. ನಂದು ನೋಡು. 'ಯುಮ್ನಉ'. ನಿಷೇಧಿಸಲಾಗಿದೆ. ಮುಗೀತು."

"ಅಷ್ಟು ಒರಟಾಗಿ ಹೇಳಿದ್ರೆ ಬಂದೋರಿಗೆ ಬೇಜಾರಾಗಕಿಲ್ವಾ?"

ಈಗ ಆಸ್ಟಿನ್ ಅವರಿಗೆ ತಮ್ಮ ನೆಲ ಕಾಲಿಗೆ ಸಿಕ್ಕಿತು. "ಅದು ಒರಟಲ್ಲ ಮಗಾ. ಅಲ್ಲಿ ಕಚೇರಿಯ ಬೋರ್ಡು ಮಾತಾಡೂದೇ ಹಾಗೆ. ಯಾರೂ ಯಾರಿಗೂ ಅಪ್ಪಣೆ ಕೊಡ್ಲಿಕ್ಕಿಲ್ಲ, ನಿಷೇಧಿಸಲಾಗಿದೆ, ಅಷ್ಟೆ. ಮರ್ಯಾದೆಯನ್ನೆಲ್ಲ ಒಟ್ಟು ಮಾಡಿ ಕೊನೆಗೆ ಒಂದು ಸಾಲಿನಲ್ಲಿ ಇಡೂದು. 'ಶಾಕಿರೀನ ಹುಸ್ನ ತಆವುನಿಕುಮ್.' ನಿಮ್ಮ ಒಳ್ಳೆಯ ಸಹಕಾರಕ್ಕೆ ಕೃತಜ್ಞರು. ಸಾಲು ಸಾಲಿಗೂ ದಯವಿಟ್ಟು ಅಂದ್ರೆ ಇದು ಸರ್ಕಾರದ ಬೋರ್ಡಾ, ಹೋಟ್ಲು ಬೋರ್ಡಾ ಅಂತ ಕೇಳ್ತಾರೆ."

ಶಿವಲೀಲಾ ಕಣ್ಣರಳಿಸಿ ಕೇಳಿದಳು. "ಇದು ನಂಗೆ ಗೊತ್ತೇ ಇರ್ಲಿಲ್ಲ ಅಂಕಲ್. ಚೆನ್ನಾಗೈತೆ. ಪರ್ಷಿಯನ್ನಲ್ಲೂ ರಸ್ತೆ ಮೇಲೆ ಬರೀ 'ಮಮ್ನೂ', ನಿಷೇಧ ಅಂತ ಹಾಕ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಬಂದೋರ ಸಹಕಾರ ಕೇಳೋ ಪ್ರಕಟಣೆ ಅಂದ್ರೆ ಮರ್ಯಾದೆ ಎಲ್ಲಾ ಸಾಲಲ್ಲೂ ಹರಡಿರ್ತದೆ. 'ಖೊದ್ದಾರಿ ಫರ್ಮಾಯೀದ್.' ನಿಲ್ಲಿಸದೆ ಇರುವ ಕೃಪೆ ಮಾಡಿ ಅನ್ನೋ ಥರ. ನೀವು ಕೊನೇಲಿ ಕೊಡೋದನ್ನ ನಾವು ದಾರಿಯುದ್ದಕ್ಕೂ ಕೊಡ್ತೀವಿ."

ಹುಡುಗಿ ಮಾತು ಬಲ್ಲವಳು ಎಂದು ಆಸ್ಟಿನ್ ಅವರಿಗೆ ಒಳಗೊಳಗೇ ಇಷ್ಟವಾಯಿತು. ಇಷ್ಟವಾದದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು.

"ಮಾತು ಬಿಡು, ತಾರೀಖು? ಹತ್ತನೇ ತಾರೀಖಿಗೆ ಹತ್ತೊಂಬತ್ತು ಬರೀಲಿಕ್ಕೆ ನಿಂಗೆ ಯಾರು ಹೇಳಿದ್ದು?"

ಶಿವಲೀಲಾ ಫೋನ್ ತೆಗೆದು ಮೈಸೂರಿನ ತನ್ನ ಇರಾನಿ ಗೆಳತಿಗೆ ವಿಡಿಯೋ ಕರೆ ಮಾಡಿದಳು. ಗೆಳತಿಯ ಪಕ್ಕದಲ್ಲಿ ಅವಳ ತಾಯಿ ಕೂತಿದ್ದರು. ಶಿರಾಜಿನಿಂದ ಬಂದು ಮೂರು ದಿನವಾಗಿತ್ತಷ್ಟೆ, ವನಗೂರಿನ ಗುಡ್ಡ ನೋಡುವ ಆಸೆ ಬೇರೆ. ತಲೆಗೆ ಹೂವಿನ ಸ್ಕಾರ್ಫು, ಮುಖದ ತುಂಬ ನಗು. ಶಿವಲೀಲಾ ಆಸ್ಟಿನ್ ಅವರು ತಿದ್ದಿದ ಪ್ರತಿಯನ್ನು ಅವರಿಗೆ ಕಳಿಸಿ, ಓದಿ ಅರ್ಥವಾದದ್ದನ್ನು ಹೇಳಿ ಎಂದು ಪರ್ಷಿಯನ್ನಿನಲ್ಲಿ ಕೇಳಿದಳು. ಆ ತಾಯಿ ಕನ್ನಡಕ ಏರಿಸಿಕೊಂಡು ಓದಿದರು. ಮಗಳ ಕಡೆ ತಿರುಗಿ ಖುಷಿಯಿಂದ ಏನೋ ಹೇಳಿದರು.

"ಏನಂತೆ?" ಆಸ್ಟಿನ್ ಕುರ್ಚಿಯ ತುದಿಗೆ ಬಂದಿದ್ದರು.

"ರಸ್ತೆ ಕೆಲಸ ಬುಧವಾರಾನೇ ಮುಗಿದೈತಲ್ಲ, ಸೋಮವಾರ ಗುಡ್ಡಕ್ಕೆ ಹೊರಟುಬುಡೋಣ ಅಂತಾವ್ರೆ."

ಸೋಮವಾರ ಎಂದರೆ ಹತ್ತನೇ ತಾರೀಖು. ಬಂಡೆ ಸಿಡಿಸಲು ಶುರು ಮಾಡುವ ದಿನ.

ಆಸ್ಟಿನ್ ಎದ್ದು ನಿಂತರು. "ಹತ್ತರಿಂದ ಹದಿನಾಲ್ಕು ಅಂತ ನಾನೇ ಸರಿ ಮಾಡಿದ್ದೇನಲ್ಲ!"

"ಸಂಖ್ಯೆ ಮಾತ್ರ ಸರಿ ಮಾಡಿದ್ರಿ ಅಂಕಲ್. ಪಕ್ಕದಲ್ಲಿದ್ದ ತಿಂಗಳ ಹೆಸರು ಹಂಗೇ ಬಿಟ್ರಿ. ಆಬಾನ್."

"ನವೆಂಬರಿಗೆ ಅವ್ರು ಆಬಾನ್ ಅನ್ನೂದಲ್ವಾ?"

"ಅಲ್ಲ ಕಣ್ರೀ. ಅದು ಅವರದೇ ಪಂಚಾಂಗದ ತಿಂಗಳು. ಸೂರ್ಯನ ಲೆಕ್ಕ. ನಿಮ್ಮ ಹಿಜರಿ ಚಂದ್ರನ ಲೆಕ್ಕ. ಇವ್ರ ವರ್ಷ ಮಾರ್ಚಿ ಇಪ್ಪತ್ತೊಂದರ ಹೊತ್ತಿಗೆ ಹುಟ್ತದೆ. ಈಗ ನಡೀತಿರೋದು 1404. ನಮ್ಮ ಅಕ್ಟೋಬರ್ ಇಪ್ಪತ್ತಮೂರಕ್ಕೆ ಆಬಾನ್ ಒಂದು. ಅಂದ್ರೆ ನವೆಂಬರ್ ಹತ್ತಕ್ಕೆ ಆಬಾನ್ ಹತ್ತೊಂಬತ್ತು. ನೀವು ಹಾಕಿದ ಆಬಾನ್ ಹತ್ತು ನವೆಂಬರ್ ಒಂದಕ್ಕೇ ಆಗೋಯ್ತು."

ಆಸ್ಟಿನ್ ಬೆರಳು ಮಡಿಚಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಎರಡು ಸಲವೂ ಹತ್ತೊಂಬತ್ತೇ ಬಂತು. ಕುವೈತಿನಲ್ಲಿ ಅವರು ಟೈಪು ಮಾಡಿದ ಸಾವಿರಾರು ಅರ್ಜಿಗಳಲ್ಲಿ ನೋಫಂಬರ್ ಎಂದರೆ ನವೆಂಬರೇ ಆಗಿತ್ತು. ಅಂಕಿಯ ಆಕಾರ ಬೇರೆ, ದಿನ ಬೇರೆಯಲ್ಲ. ಹಾಗಾಗಿ ಅದೇ ಅಕ್ಷರದಲ್ಲಿ ಬರೆಯುವ ಇನ್ನೊಂದು ದೇಶಕ್ಕೆ ಇನ್ನೊಂದು ವರ್ಷವೇ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಆ ಹೂವಿನ ಸ್ಕಾರ್ಫಿನ ಹೆಂಗಸು ನಿಜವಾಗಿ ಸೋಮವಾರ ಗುಡ್ಡಕ್ಕೆ ಹೋಗಿದ್ದರೆ? ಶಿವಲೀಲಾ ಅಷ್ಟರಲ್ಲಿ ಆ ತಾಯಿಗೆ ನಿಜ ಸಂಗತಿ ತಿಳಿಸಿ, ನವೆಂಬರ್ ಹದಿನಾಲ್ಕು ಕಳೆದ ಮೇಲೆ ಬನ್ನಿ ಎಂದು ಕರೆ ಮುಗಿಸಿದಳು.

"ನಂದೂ ಒಂದು ತಪ್ಪೈತೆ ಅಂಕಲ್" ಎಂದಳು. "ಇಲ್ಲಿಗೆ ಬಂದೋರ ಕೈಲಿ ಇಲ್ಲಿನ ಟಿಕೆಟ್ಟು, ಇಲ್ಲಿನ ತಾರೀಖು ಇರ್ತದೆ. ಆಬಾನ್ ಪಕ್ಕದಲ್ಲೇ ನವೆಂಬರ್ ಹತ್ತು ಅಂತಲೂ ಹಾಕ್ಬೇಕಿತ್ತು."

ಫೇಲಾದವಳು ತನ್ನ ತಪ್ಪು ತಾನೇ ಹೇಳುತ್ತಿದ್ದಾಳೆ, ಫೇಲು ಮಾಡಿದವರು ಕಡುಬಿನ ತಟ್ಟೆ ನೋಡುತ್ತಾ ಕೂತಿದ್ದಾರೆ. ಆಸ್ಟಿನ್ ಅವರಿಗೆ ನಾಚಿಕೆಯಾಯಿತು. ಮಗ್ಗೆಯಿಂದ ಬಸ್ಸು ಬದಲಿಸಿ ಬಂದ ಹುಡುಗಿ ಒಂದು ಸಲವಾದರೂ ದನಿ ಏರಿಸಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾಲ್ಕೂವರೆಗೆ ಅವರು ಲ್ಯಾಪ್‌ಟಾಪ್ ತೆರೆದರು. ಫೇಲು ಎಂಬುದನ್ನು ಪಾಸು ಮಾಡಲು ಕಾರಣ ಬರೆಯಬೇಕಿತ್ತು. 'ಮರುಪರಿಶೀಲನೆಯಲ್ಲಿ ಸರಿಯೆಂದು ಕಂಡುಬಂದಿದೆ' ಎಂದು ಬರೆದರು. ಕಚೇರಿ ಭಾಷೆ, ಅಚ್ಚುಕಟ್ಟಾದ ಸಾಲು. ಅವರ ಮಾನವೂ ಉಳಿಯುತ್ತಿತ್ತು. ಆದರೆ ಹಿಂದಿನ ಎರಡು ಫೇಲು ಹಾಗೇ ನಿಲ್ಲುತ್ತಿದ್ದವು. ಇನ್ನೊಂದು ಬಿದ್ದರೆ ಹುಡುಗಿ ಮನೆಗೆ. ಮೂರನ್ನೂ ಅಳಿಸಬೇಕಾದರೆ ಹೇಳಬೇಕಾದ ಮಾತು ಒಂದೇ.

ಅವರು ಬಾಗಿಲ ಕಡೆ ನೋಡಿದರು. ಲಿಲಿಯನ್ ಅಲ್ಲೇ ನಿಂತಿದ್ದಳು.

"ಬರೀರಿ ಮಾರಾಯ್ರೆ" ಎಂದಳು ಅವಳು. "ನಂಗೆ ಮೊದಲ ದಿನದಿಂದ ಗೊತ್ತುಂಟು."

ಆಸ್ಟಿನ್ ಸಾಲನ್ನು ಅಳಿಸಿ ಹೊಸದಾಗಿ ಬರೆದರು: 'ಶಿವಲೀಲಾ ಅವರ ಮೂರೂ ಅನುವಾದಗಳ ಮೇಲಿನ ನನ್ನ ತೀರ್ಪು ತಪ್ಪು. ನನಗೆ ಪರ್ಷಿಯನ್ ಬರುವುದಿಲ್ಲ.' ಕಳಿಸಿದ ಮೇಲೆ ಎದೆ ಹಗುರವಾಯಿತು, ಕಿವಿ ಮಾತ್ರ ಬಿಸಿಯಾಗಿತ್ತು.

ಎರಡೇ ನಿಮಿಷಕ್ಕೆ ಜಾನಿಸ್ ಫೋನ್ ಮಾಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಂಕಲ್, ಹಾಗಾದ್ರೆ ಇನ್ನೊಬ್ಬ ಅನುವಾದಕರ ಒಂಬತ್ತು ಪರ್ಷಿಯನ್ ಬೋರ್ಡಿಗೆ ನೀವು 'ಅತ್ಯುತ್ತಮ' ಅಂತ ಹಾಕಿದ್ದೀರಲ್ಲ, ಅದು?"

ಆಸ್ಟಿನ್ ಲ್ಯಾಪ್‌ಟಾಪನ್ನು ಶಿವಲೀಲಾಳ ಕಡೆ ತಿರುಗಿಸಿದರು. ಅವಳು ಮೊದಲನೆಯದನ್ನು ಓದಿದಳು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸೆರಗಿನಂತೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು.

"ಏನು, ಹೇಳಿಬಿಡು."

"ಅಂಕಲ್, ಇದ್ರಲ್ಲಿ ಒಂದು ಸಾಲೂ ಪರ್ಷಿಯನ್ ಇಲ್ಲ. ಒಂಬತ್ತೂ ಅರಬ್ಬೀನೇ."

ಆಸ್ಟಿನ್ ಅವಳನ್ನೂ ಪರದೆಯನ್ನೂ ಒಂದೊಂದು ಸಲ ನೋಡಿದರು. "ಅದಕ್ಕೇ ಅಷ್ಟು ಸಲೀಸಾಗಿ ಅರ್ಥ ಆಗ್ತಿತ್ತು" ಎಂದರು.