ಬಾಗದ ಕಾಗದ

ಬೆನ್ನುನೋವಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವಳು ಡಾಕ್ಟರ ಅಕ್ಕ. ಬಂದವರ ಕೈಗೆ ಕರಪತ್ರ ಕೊಡಬೇಕಾದವಳೂ ಅವಳೇ. ಆದರೆ ಡಾಕ್ಟರಾದ ದಿನದಿಂದ ತಮ್ಮನಿಗೆ ಅಕ್ಕನ ಮಾತೆಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಸಂಗತಿ. ಈ ಒಂದು ವಿಷಯದಲ್ಲಾದರೂ ತನ್ನ ಮಾತು ನಡೆಯಲಿ ಎಂದು ಅವಳಿಗೆ ತುಂಬ ಆಸೆಯಿತ್ತು.

ಹೊಸ ಕರಪತ್ರಕ್ಕೆಂದು ಪ್ರೆಸ್ಸಿನವರು ಕಾಗದದ ಮಾದರಿಗಳನ್ನು ಮೇಜಿನ ಮೇಲೆ ಹರಡಿದರು. ಅಕ್ಕ ನೂರಮೂವತ್ತು ಜಿಎಸ್‌ಎಮ್ಮಿನ, ತೆಳ್ಳಗಿನ, ಹೊಳಪಿಲ್ಲದ ಮ್ಯಾಟ್ ಹಾಳೆಯನ್ನು ಎತ್ತಿಕೊಂಡಳು. "ಇದು ಸಾಕು ಕಣೋ. ಜೇಬಿಗೆ ಹೋಗತ್ತೆ, ಮತ್ತೆ ಯಾವಾಗ ಬರಬೇಕು ಅಂತ ಪೆನ್ನಲ್ಲಿ ಬರೆದೂ ಕೊಡಬಹುದು."

"ಕ್ಲಿನಿಕ್ಕಿಗೆ ಒಂದು ತೂಕ ಬೇಡ್ವೇನೇ?" ಎಂದ ತಮ್ಮ, ಮುನ್ನೂರೈವತ್ತರ ದಪ್ಪ ಕಾರ್ಡನ್ನು ಕೈಯಲ್ಲಿ ತೂಗಿ ನೋಡುತ್ತ. "ಇದೇ ಇರಲಿ. ಮೇಲೆ ಫಳಫಳ ಹೊಳೆಯೋ ಲ್ಯಾಮಿನೇಷನ್. ಎರಡು ಮಡಿಕೆ, ಆರು ಪುಟ."

"ಆಗತ್ತೆ ಡಾಕ್ಟ್ರೇ," ಎಂದರು ಪ್ರೆಸ್ಸಿನವರು. "ಆದ್ರೆ ಇಷ್ಟು ದಪ್ಪಕ್ಕೆ ಮೊದ್ಲು ಮೆಷಿನ್ನಲ್ಲಿ ಗೆರೆ ಒತ್ತಿ ಆಮೇಲೆ ಮಡಿಸಬೇಕು. ಇಲ್ಲಾಂದ್ರೆ ಮಡಿಕೆ ಬಿರಿಯತ್ತೆ."

ಕರಪತ್ರದ ವಿನ್ಯಾಸದಲ್ಲಿ ಹೊರಬದಿಯ ಮೂರು ಪುಟಗಳ ಉದ್ದಕ್ಕೂ ಒಂದೇ ಬೆನ್ನುಮೂಳೆಯ ಚಿತ್ರ ಮಲಗಿತ್ತು. ಗೆರೆ ಬೀಳುವುದು ಅದರ ಮೇಲೆಯೇ. ಡಾಕ್ಟರ ಮುಖ ಕೆಂಪಾಯಿತು. "ಬೆನ್ನುಮೂಳೆ ಮೇಲೆ ಮೆಷಿನ್ ಇಟ್ಟು ಒತ್ತೋದಾ? ನನ್ನ ಕ್ಲಿನಿಕ್ಕಿನ ಹೆಸರಲ್ಲಿ ಅದೆಲ್ಲ ಆಗಲ್ಲ."

ಗೆರೆ ಒತ್ತದೆಯೇ ಮಡಿಸಿದ ಕರಪತ್ರಗಳು ಬಂದವು. ಬೆನ್ನುಮೂಳೆ ಎರಡು ಕಡೆ ಬಿರಿದಿತ್ತು. ಮಡಿಸಿಟ್ಟರೆ ಸೆಟೆದುಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು, ಒಂದರ ಮೇಲೊಂದು ಇಟ್ಟರೆ ಜಾರಿ ನೆಲಕ್ಕೆ ಬೀಳುತ್ತಿದ್ದವು. ಪಕ್ಕದ ಬೀದಿಯ ವಿಳಾಸ ಕೇಳಲು ಬಂದಿದ್ದ ಗುಂಡುಕಲ್ಲಿನಂಥ ಆಸಾಮಿಯೊಬ್ಬ ಒಂದನ್ನು ಎತ್ತಿಕೊಡಲು ಬಗ್ಗಿದ. ಸೊಂಟ ಹಿಡಿದುಕೊಂಡು ಹಾಗೆಯೇ ಒಳಗೆ ಹೋದ. ಅವನು ಬಿಟ್ಟದ್ದನ್ನು ಎತ್ತಲು ಹೋದ, ಜೊತೆಗೆ ಬಂದಿದ್ದ ಹೆಂಡತಿಯೂ ಅವನ ಹಿಂದೆಯೇ ಹೋದಳು. ಸಂಜೆಯ ಹೊತ್ತಿಗೆ ಕೂರಲು ಜಾಗವಿರಲಿಲ್ಲ.

"ನೋಡಿದ್ಯಾ?" ಎಂದ ತಮ್ಮ. "ಕರಪತ್ರ ಅಂದ್ರೆ ಹೀಗಿರಬೇಕು. ಇನ್ನೊಂದಷ್ಟು ಹಾಕಿಸೋಣ." ಪ್ರೆಸ್ಸಿನವರಿಗೆ ಹೇಳಿಕಳಿಸಿಯೂ ಆಗಿತ್ತು.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಉಳಿದವನ್ನೆಲ್ಲ ಗುಡಿಸಿ ತಿಪ್ಪೆಗೆ ಎಸೆಯುತ್ತೇನೆಂದು ಬಗ್ಗಿದವಳು ಅಲ್ಲಿಯೇ ನಿಂತುಬಿಟ್ಟಳು. ಮೇಲೇಳಲು ಆಗಲಿಲ್ಲ. ಅವಳ ಮುಖ ಕಾಣಬೇಕಾದರೆ ಡಾಕ್ಟರೇ ನೆಲದ ಮೇಲೆ ಕೂರಬೇಕಾಯಿತು.

"ಅಕ್ಕಾ, ಒಳಗೆ ಬಾ, ಸರಿಮಾಡ್ತೀನಿ."

"ಮೊದ್ಲು ಅವರಿಗೆ ಹೇಳು."

ಬಾಗಿಲಲ್ಲಿ ಪ್ರೆಸ್ಸಿನವರು ನಿಂತಿದ್ದರು. ತಮ್ಮ ಅಕ್ಕನ ಮುಖವನ್ನೇ ನೋಡಿದ. ಇಷ್ಟು ಹೊತ್ತು ಅವನು ಆ ಮುಖ ನೋಡಿ ವರ್ಷಗಳಾಗಿದ್ದವು. "ನೂರಮೂವತ್ತು," ಎಂದ ನೆಲದಿಂದಲೇ. "ಮ್ಯಾಟು. ಅಕ್ಕ ಹೇಳಿದ್ದೇ."

ಅಕ್ಕನ ಕಣ್ಣು ತುಂಬಿತು. ಅದು ಸೊಂಟದ ನೋವಿಗಲ್ಲ.

"ಇದಕ್ಕೆ ಗೆರೆ ಒತ್ತಬೇಕಾ?" ಎಂದರು ಪ್ರೆಸ್ಸಿನವರು, ಯಾರನ್ನು ಕೇಳಬೇಕೆಂದು ತಿಳಿಯದೆ.

"ಬೇಡ," ಎಂದಳು ಅಕ್ಕ, ಬಗ್ಗಿಕೊಂಡೇ. "ಅದು ಹೇಳಿದ ತಕ್ಷಣ ಬಾಗತ್ತೆ."