ಶೆಟ್ಟೆವ್ವನ ಮುತ್ತಿನಂಥ ಅಕ್ಷರ

ಬೈಲಹೊಂಗಲದ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಗಂಗಪ್ಪನ ಹೆಂಡತಿ ಲಗಮವ್ವ ಏಳನೆಯ ಇಯತ್ತೆ ಪಾಸಾದವಳು. ಕೇರಿಯಲ್ಲಿ ಯಾರ ಮನೆಯಿಂದ ಕಾಗದ ಹೋಗಬೇಕಾದರೂ ಅವಳ ಕೈಯಿಂದಲೇ ಹೋಗಬೇಕು. ಬರೆಸಿಕೊಂಡವರು ಒಂದು ಎಲೆ ಅಡಿಕೆ ಕೊಟ್ಟು ಎದ್ದು ಹೋಗುತ್ತಿದ್ದರು. ಅಕ್ಷರ ಚೆಂದ ಇದೆ ಎಂದು ಈವರೆಗೆ ಯಾರೂ ಬಾಯಿಬಿಟ್ಟು ಅಂದಿರಲಿಲ್ಲ.

ಹಾಗಾಗಿ ತನ್ನ ಅರ್ಜಿಗೆ ಮುಂಬಯಿಯಿಂದ ಬಂದ ಲಕೋಟೆ ಒಡೆದವಳು ಬಾಗಿಲ ಬೆಳಕಿಗೆ ಬಂದು ಮತ್ತೊಮ್ಮೆ ಓದಿದಳು. 'ನಿಮ್ಮ ಮುತ್ತಿನಂಥ ಅಕ್ಷರ ನೋಡಿ ನಮ್ಮ ಪರೀಕ್ಷಕರು ಬೆರಗಾಗಿದ್ದಾರೆ. ಇಡೀ ತಾಲೂಕಿಗೆ ನಿಮ್ಮೊಬ್ಬರನ್ನೇ ಆರಿಸಲಾಗಿದೆ' ಎಂದು ಅದರಲ್ಲಿತ್ತು. ಮನೆಯಲ್ಲೇ ಕೂತು ಪುಸ್ತಕದ ಹಾಳೆಗಳನ್ನು ನಕಲು ಮಾಡಿ ಕಳಿಸಬೇಕು, ಒಂದು ಹಾಳೆಗೆ ಒಂದು ರೂಪಾಯಿ. ಕಾಗದ, ಶಾಯಿ ಎಲ್ಲ ಆ ಪತ್ರ ಬರೆದ ಸುವರ್ಣ ಲೇಖನ ಮಂದಿರದವರೇ ಕಳಿಸುತ್ತಾರೆ. ಅದಕ್ಕೂ ಮೊದಲು ನೋಂದಣಿ ಫೀ ಎಂದು ಹದಿನೈದು ರೂಪಾಯಿ ಮನಿಯಾರ್ಡರ್ ಮಾಡಬೇಕು. ತಿಂಗಳ ಕೊನೆಯ ಒಳಗೆ ಮುಟ್ಟದಿದ್ದರೆ ಜಾಗ ಬೇರೆಯವರ ಪಾಲು.

ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿಟ್ಟು ತೋರಿಸಿದ್ದವಳು ಸಾವಿತ್ರೆವ್ವ. ಶೇಂಗಾ ಎಣ್ಣೆ ಅಂಗಡಿಯ ಬಸಲಿಂಗಪ್ಪನ ಹೆಂಡತಿ. ಇಬ್ಬರೂ ಸಾಲಿಯಲ್ಲಿ ಒಂದೇ ವರ್ಗದಲ್ಲಿ ಕೂತವರು. ಆಗ 'ನೀ' ಎನ್ನುತ್ತಿದ್ದ ಲಗಮವ್ವ ಈಗ 'ನೀವು' ಎನ್ನುತ್ತಿದ್ದಳು. ಅವರ ಮನೆಗೆ ಹೋದರೂ ಕಟ್ಟೆಯ ಮೇಲೆ ಕೂತು ಮಾತಾಡಿ ಬರುತ್ತಿದ್ದಳೇ ಹೊರತು ಹೊಸ್ತಿಲು ದಾಟಿದವಳಲ್ಲ. ಅರ್ಜಿಯನ್ನು ಮಾತ್ರ ಇಬ್ಬರೂ ಒಂದೇ ದಿನ ಹಾಕಿದ್ದರು.

ಲಗಮವ್ವ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಸಾವಿತ್ರೆವ್ವನ ಕಟ್ಟೆಗೆ ಹೋದಳು. ಸಾವಿತ್ರೆವ್ವನ ಮುಖವೂ ಅರಳಿತ್ತು.

"ನನ್ನ ಪತ್ರ ಬಂತು ನೋಡ! ಇಡೀ ತಾಲೂಕಿಗೆ ನನ್ನೊಬ್ಬಾಕಿನ್ನ ಆರಿಸ್ಯಾರ."

"ಒಬ್ಬಾಕಿನ್ನ?" ಎಂದಳು ಲಗಮವ್ವ. ಸೆರಗಿನಿಂದ ತನ್ನ ಕಾಗದ ತೆಗೆದು ಅವಳ ಕಾಗದದ ಪಕ್ಕದಲ್ಲಿ ಇಟ್ಟಳು. ಮಾತಿಗೆ ಮಾತು, ಸಾಲಿಗೆ ಸಾಲು ಒಂದೇ. ಎರಡೂ ಅಚ್ಚಿನ ಕಾಗದ. ಹೆಸರಿದ್ದ ಜಾಗದಲ್ಲಷ್ಟೇ ನೀಲಿ ಶಾಯಿ.

ಸಾವಿತ್ರೆವ್ವ ತನ್ನ ಕಾಗದ ಮಡಚಿಕೊಳ್ಳುತ್ತ, "ಇಬ್ಬರನ್ನ ಆರಿಸಿರಬೇಕು ತಗೋ. ಬರ್ಯಾಂವ ತಪ್ಪ ಬರದಾನ," ಎಂದಳು.

ಲಗಮವ್ವನೂ ಹಾಗೇ ಅಂದುಕೊಳ್ಳಲು ನೋಡಿದಳು. ಆದರೆ ಚಪ್ಪಲಿಯಲ್ಲಿ ಸೇರಿದ ಹರಳಿನಂತೆ 'ನಿಮ್ಮೊಬ್ಬರನ್ನೇ' ಎಂಬ ಮಾತು ಹೆಜ್ಜೆಹೆಜ್ಜೆಗೂ ಒತ್ತುತ್ತಿತ್ತು. ಮರುದಿನ ಸಂತೆಗೆ ಹೋದವಳು ಮಾಮಲೇದಾರ ಕಚೇರಿಯ ಮುಂದೆ ನಿಂತಳು. ಅಲ್ಲಿ ಬೇವಿನ ಮರದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಅಂದಾನೆಪ್ಪ ಎಂಬ ಮುದುಕ ಕೂತಿರುತ್ತಿದ್ದ.

"ಅಜ್ಜಾರ, ಒಂದ ಹಾಳಿ ಟೈಪ್ ಮಾಡಾಕ ಎಷ್ಟ ತಗೋತೀರಿ?"

"ಎಂಟಾಣೆ. ಕಾರ್ಬನ್ ಹಾಕಿ ಎರಡ ಪ್ರತಿ ಬೇಕಂದ್ರ ಹತ್ತಾಣೆ. ಯಾಕಬೇ?"

"ಕೈಲೆ ಬರದ ಕೊಟ್ರ ಒಂದ ರೂಪಾಯಿ ಕೊಡತಾರಂತರಿ, ಮುಂಬೈದವ್ರು."

ಅಂದಾನೆಪ್ಪ ಕನ್ನಡಕವನ್ನು ಹಣೆಗೇರಿಸಿದ. "ಮಷೀನಿಂದ ಎಂಟಾಣೆದಾಗ ಆಗೂ ಕೆಲಸಕ್ಕ ಕೈಗೆ ಒಂದ ರೂಪಾಯಿ? ಮುಂಬೈದಾಗ ಮಷೀನ ಸುಟ್ಟಾವೇನ? ಅವ್ರ ವಿಳಾಸ ಏನೈತಿ?"

ಲಗಮವ್ವ ಹೇಳಿದಳು. ಓಣಿ ಇಲ್ಲ, ಬೀದಿ ಇಲ್ಲ, ಪೋಸ್ಟ್ ಬಾಕ್ಸ್ ನಂಬರು ಮಾತ್ರ.

"ಮೂವತ್ತ ವರ್ಷಾತು ನಾ ಈ ಕಟ್ಟಿಮ್ಯಾಲ ಕುಂತು. ಕೆಲಸ ಕೊಡೂ ಧಣಿ ರೊಕ್ಕ ಕೊಡತಾನ, ಇಸಗೊಳ್ಳೂದಿಲ್ಲ. ಒಂದ ಕೆಲಸ ಮಾಡು. ಮದಲನೇ ಪಗಾರದಾಗ ಹದಿನೈದ ರೂಪಾಯಿ ಮುರಕೋರಿ ಅಂತ ಬರಿ. ಖರೇ ಮಂದಿ ಇದ್ರ ಒಪ್ಪತಾರ. ಅವ್ರಿಗೇನ ಲುಕ್ಸಾನು?"

ಮಾತು ಸರಿ ಎನಿಸಿತು. ಮನೆಗೆ ಬಂದು ಕಾರ್ಡು ಬರೆದಳು. ಬರೆಯುವಾಗಲೂ ಅಕ್ಷರಗಳನ್ನು ದುಂಡಗೆ ಮಾಡುತ್ತಿದ್ದೇನೆಂದು ಗೊತ್ತಾಗಿ ತನ್ನ ಮೇಲೆಯೇ ಸಿಟ್ಟು ಬಂತು. ತನಗೇ ಸಂಶಯವಿರುವ ಜನರ ಮುಂದೆಯೂ ಚೆಂದ ಕಾಣಬೇಕೆಂಬ ಆಸೆ!

ಪಕ್ಕದಲ್ಲಿ ಅತ್ತೆ ಶೆಟ್ಟೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಅರವತ್ತು ದಾಟಿದ ಮುದುಕಿ. ಹೋದ ವರ್ಷ ಕೇರಿಯ ಬುದ್ಧ ವಿಹಾರದ ರಾತ್ರಿ ಸಾಲಿಯಲ್ಲಿ ತನ್ನ ಹೆಸರು ಬರೆಯುವುದನ್ನಷ್ಟೇ ಕಲಿತಿದ್ದಳು. ಅವಳು ಬರೆದ 'ಶೆ' ಒಂದು ಕಡೆ ವಾಲಿದರೆ 'ವ್ವ' ಇನ್ನೊಂದು ಕಡೆ ಉರುಳಿರುತ್ತಿತ್ತು. ಲಗಮವ್ವನಿಗೆ ಥಟ್ಟನೆ ಏನೋ ಹೊಳೆಯಿತು.

"ಅತ್ತಿ, ನೀವೂ ಒಂದ ಅರ್ಜಿ ಹಾಕ್ರಿ."

"ನಾನ? ಹುಚ್ಚ ಹಿಡದೈತೇನ ನಿನಗ?"

"ನಿಮ್ಮ ಅಕ್ಷರಕ್ಕ ಏನ ಅಂತಾರೋ ನೋಡೂನು."

ಶೆಟ್ಟೆವ್ವ ನಗುತ್ತ ಪೆನ್ನು ಹಿಡಿದಳು. ಲಗಮವ್ವ ಪಾಟಿಯ ಮೇಲೆ ಬರೆದು ತೋರಿಸಿದ್ದನ್ನು ನೋಡಿ ನೋಡಿ, ತನ್ನ ಹೆಸರು, ಊರ ಹೆಸರು ಮತ್ತು 'ಕೆಲಸ ಬೇಕು' ಎಂಬ ಎರಡು ಮಾತು ತಿದ್ದಲು ಮುದುಕಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ನಡುವೆ ಶಾಯಿ ಚೆಲ್ಲಿ ಎಮ್ಮೆಯ ಗೊರಸಿನಂಥ ಕಲೆಯೂ ಬಿತ್ತು. ಅದನ್ನು ಹಾಗೆಯೇ ಮಡಚಿ ಅಂಚೆಗೆ ಹಾಕಿದರು.

ಹನ್ನೆರಡನೆಯ ದಿನ ಎರಡೂ ಉತ್ತರ ಒಟ್ಟಿಗೆ ಬಂದವು. ಲಗಮವ್ವನ ಕಾರ್ಡಿಗೆ, 'ಫೀ ಮುಂಗಡ ಕೊಡುವುದು ಸಂಸ್ಥೆಯ ನಿಯಮ. ಪಗಾರದಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಇನ್ನು ನಾಲ್ಕೇ ದಿನ ಉಳಿದಿವೆ' ಎಂದಿತ್ತು. ಇನ್ನೊಂದು ಲಕೋಟೆ ಒಡೆದು ಅವಳು ಗಟ್ಟಿಯಾಗಿ ಓದಿದಳು: 'ಶ್ರೀಮತಿ ಶೆಟ್ಟೆವ್ವ ಅವರೇ, ನಿಮ್ಮ ಮುತ್ತಿನಂಥ ಅಕ್ಷರ ನೋಡಿ ನಮ್ಮ ಪರೀಕ್ಷಕರು ಬೆರಗಾಗಿದ್ದಾರೆ...'

ಶೆಟ್ಟೆವ್ವ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಗಮವ್ವನಿಗೆ ನಗು ಬರಲಿಲ್ಲ. ಎರಡು ವಾರ ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟಿದ್ದ ತನ್ನ ಕಾಗದವನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಅವರು ಅವಳ ಅಕ್ಷರವನ್ನು ನೋಡಿಯೇ ಇರಲಿಲ್ಲ. ಆಮೇಲೆ ಸಾವಿತ್ರೆವ್ವ ನೆನಪಾದಳು. ಮುಖ ಒರೆಸಿಕೊಂಡು ಎದ್ದಳು.

"ನಾನೂ ಬರತೇನಿ. ನನ್ನ ಅಕ್ಷರದ ಸುದ್ದಿ ನಾನ ಹೇಳಬೇಕು," ಎಂದು ಅತ್ತೆಯೂ ಬೆನ್ನು ಹತ್ತಿದಳು.

ಇವರಿಬ್ಬರನ್ನು ಕಂಡು ಸಾವಿತ್ರೆವ್ವ ಮನೆಯೊಳಗಿಂದ ಕಟ್ಟೆಗೆ ಬಂದಳು. ಮುಖ ಬಿಗಿದುಕೊಂಡಿತ್ತು. "ನಿನ್ನೆ ಮುಂಜಾನೆ ರೊಕ್ಕ ಕಳಿಸಿದ್ನಿ. ನೀ ಕಳಿಸಿದ್ಯೋ ಇಲ್ಲೋ?"

"ಕಳಸಿಲ್ಲರಿ. ಸಾವಿತ್ರಕ್ಕಾರ, ಅದು ಮೋಸ ಐತರಿ."

"ನನಗ ಗೊತ್ತಿತ್ತು ಹಿಂಗ ಅಂತಿ ಅಂತ." ಸಾವಿತ್ರೆವ್ವನ ದನಿ ಏರಿತು. "ನಿನ್ನ ಕೈಯಾಗ ರೊಕ್ಕ ಇಲ್ಲ. ನಾ ಮುಂದ ಹೋಗೂದು ನಿನಗ ಆಗವಲ್ದು."

ಒಳಗಿನಿಂದ ಅವಳ ಅತ್ತೆ ತಂಗೆವ್ವನ ದನಿ ಬಂತು: "ಯಾರ ಅಕಿ ಬಾಗಲದಾಗ? ಕೇರಿಯವರ ಕೂಡ ಏನ ಮಾತು ಇಷ್ಟೊತ್ತು?"

ಲಗಮವ್ವನ ಕಿವಿ ಬಿಸಿಯಾದವು. ಹೋಗಿಬಿಡೋಣ ಎನಿಸಿತು. ಹೋದರೆ ತಪ್ಪೇನು? ಕಳೆದುಕೊಂಡವರು ಕಳೆದುಕೊಳ್ಳಲಿ. ಒಂದು ಹೆಜ್ಜೆ ಹಿಂದಕ್ಕೂ ಇಟ್ಟಳು. ಅಷ್ಟರಲ್ಲಿ ಶೆಟ್ಟೆವ್ವ ಮುಂದೆ ಬಂದು ತನಗೆ ಬಂದ ಪತ್ರವನ್ನು ಸಾವಿತ್ರೆವ್ವನ ಮುಂದೆ ಚಾಚಿದಳು.

"ಓದ್ರಿ ಯವ್ವಾ. ನನ್ನದೂ ಮುತ್ತಿನಂಥಾ ಅಕ್ಷರ ಅಂತ. ಇಡೀ ತಾಲೂಕಿಗೆ ನನ್ನೊಬ್ಬಾಕಿನ್ನ ಅಂತ!"

"ನಿನಗ ಬರ್ಯಾಕ ಎಲ್ಲಿ ಬರತೈತಿ?"

"ಬರೂದಿಲ್ಲ. ಅದನ್ನ ಹೇಳಾಕ ಬಂದೇನಿ."

ಸಾವಿತ್ರೆವ್ವ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ನಿಂತಿದ್ದವಳು ಮೆಲ್ಲಗೆ ಕಟ್ಟೆಯ ಮೇಲೆ ಕುಸಿದಳು. "ಮನ್ಯಾಗ ಗೊತ್ತಿಲ್ಲ," ಎಂದಳು ಪಿಸುದನಿಯಲ್ಲಿ. "ತವರಮನ್ಯಾಗ ಉಡಿ ತುಂಬಿದಾಗ ಕೊಟ್ಟ ರೊಕ್ಕ. ನಂದೂ ಅಂತ ಒಂದ ಗಳಿಕಿ ಇರಲಿ ಅಂದಿದ್ನಿ."

"ನಿನ್ನೆ ಹೋದ ರೊಕ್ಕ ಇನ್ನೂ ಮುಂಬೈ ಮುಟ್ಟಿರೂದಿಲ್ಲರಿ. ಪೋಸ್ಟ್ ಮಾಸ್ತರ್ರನ್ನ ಕೇಳೂನು ನಡೀರಿ. ಪಾವತಿ ಐತಿಲ್ಲೋ?" ಎಂದಳು ಲಗಮವ್ವ.

ಮನಿಯಾರ್ಡರಿನ ಪಾವತಿ ಚೀಟಿ ಅಕ್ಕಿಯ ಡಬ್ಬಿಯಲ್ಲಿತ್ತು. ಬಳೆಗಾರನ ಕಡೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ ಸಾವಿತ್ರೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಪೋಸ್ಟ್ ಮಾಸ್ತರ ರಾಮಲಿಂಗಪ್ಪ ಮೂರು ಪತ್ರಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಈ ಪೋಸ್ಟ್ ಬಾಕ್ಸಿಗೆ ಈ ತಿಂಗಳ ನಮ್ಮ ಕಚೇರಿಯಿಂದನ ಎಂಟ ಮನಿಯಾರ್ಡರ್ ಹೋಗ್ಯಾವು. ಎಲ್ಲಾ ಹೆಣ್ಣಮಕ್ಕಳದು. ನನಗೂ ಏನೋ ಒಂದ ನಮೂನಿ ಅನಿಸಿತ್ತು. ಕಳಸಬ್ಯಾಡ್ರಿ ಅನ್ನಾಕ ನನಗ ಅಧಿಕಾರ ಇಲ್ಲ ನೋಡ್ರಿ."

"ನಿನ್ನೆ ಕಳಿಸಿದ್ದು ನಿಲ್ಲಸಾಕ ಬರತೈತೇನ್ರಿ?" ಎಂದು ಲಗಮವ್ವ ಕೇಳಿದಳು.

"ಅವ್ರ ಕೈಗೆ ರೊಕ್ಕ ಬೀಳೂದರೊಳಗ ನಿಲ್ಲಸಬಹುದು. ಕಳಿಸಿದವ್ರ ಸಹಿ ಮಾಡಿ ಅರ್ಜಿ ಕೊಡಬೇಕು, ಪಾವತಿ ತೋರಸಬೇಕು. ಕಾಗದದಿಂದ ತಿಳಿಸಿದ್ರ ತಡ ಆಗತೈತಿ, ತಾರು ಕೊಡೂದು ಚಲೋ. ತಾರಿನ ಖರ್ಚು ನಿಮ್ಮದ. ಕಳಸೂ ಮುಂದ ಕೊಟ್ಟ ಕಮಿಷನ್ ವಾಪಸ್ ಬರೂದಿಲ್ಲ."

ಸಾವಿತ್ರೆವ್ವ ಅರ್ಜಿಗೆ ಸಹಿ ಮಾಡಿದಳು. ಮುಂಬಯಿಗೆ ತಂತಿ ಕೊಡುವ ದುಡ್ಡು ಅವಳ ಕೈಯಲ್ಲಿ ಸಾಲದೆ ಬಂದಾಗ ಶೆಟ್ಟೆವ್ವ ಎಲೆ ಅಡಿಕೆಯ ಚೀಲದಿಂದ ಒಂದು ರೂಪಾಯಿ ತೆಗೆದು ಕೊಟ್ಟಳು.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಸಾವಿತ್ರೆವ್ವ ಬಾಗಿಲಿಗೆ ಬರುತ್ತಿದ್ದಳು. ರೊಕ್ಕ ಮುಟ್ಟಿತೆಂದು ಮುಂಬಯಿಯವರು ಸಹಿ ಮಾಡಿದ ಚೀಟಿ ಎಲ್ಲಿ ಬರುತ್ತದೋ ಎಂಬ ಹೆದರಿಕೆ. ಲಗಮವ್ವನಿಗೂ ಒಂದೊಂದು ಸಲ ಅನುಮಾನ ಹುಟ್ಟುತ್ತಿತ್ತು. ಅವರು ಖರೆಯ ಮಂದಿಯೇ ಆಗಿದ್ದು, ತಾನೇ ಇಬ್ಬರ ಕೆಲಸವನ್ನೂ ಕೆಡಿಸಿದ್ದರೆ?

ಆ ಅನುಮಾನ ಕಳೆದದ್ದು ಸಂಪಗಾಂವದ ರಾಚವ್ವನಿಂದ. ಸಾವಿತ್ರೆವ್ವನ ದೂರದ ಬಳಗದ ಹೆಣ್ಣು. ಎರಡು ತಿಂಗಳ ಹಿಂದೆಯೇ ಅದೇ ಲೇಖನ ಮಂದಿರಕ್ಕೆ ಫೀ ಕಟ್ಟಿದ್ದಳು. ಇಪ್ಪತ್ತು ಹಾಳೆ ಬಂದಿದ್ದವು, ನಕಲು ಮಾಡಿ ಕಳಿಸಿದ್ದಳು. 'ನಾಲ್ಕು ತಪ್ಪುಗಳಿವೆ, ಕರಾರಿನ ಪ್ರಕಾರ ಪಗಾರ ಇಲ್ಲ. ಕೆಲಸ ಮುಂದುವರಿಸಲು ಇಪ್ಪತ್ತೈದು ರೂಪಾಯಿ ಡಿಪಾಜಿಟ್ ಕಳಿಸಿರಿ' ಎಂದು ಉತ್ತರ ಬಂದಿತ್ತು. ಅದನ್ನೂ ಕಳಿಸಿದಳು. ಆಮೇಲೆ ಬರೆದ ಮೂರು ಕಾಗದಕ್ಕೆ ಉತ್ತರವೇ ಇಲ್ಲ.

ತಂತಿ ಕೊಟ್ಟ ಹತ್ತೊಂಬತ್ತನೆಯ ದಿನ ಸಾವಿತ್ರೆವ್ವನ ಹದಿನೈದು ರೂಪಾಯಿ ತಿರುಗಿ ಬಂತು. ರಾಚವ್ವನ ನಲವತ್ತು ಬರಲಿಲ್ಲ. ಮನಿಯಾರ್ಡರ್ ಕಳಿಸಿದ್ದ ಉಳಿದ ಏಳು ಹೆಂಗಸರ ದುಡ್ಡೂ ಬರಲಿಲ್ಲ. ಬೆಳಗಾವಿಯ ಅಂಚೆ ಮೇಲಧಿಕಾರಿಗೂ ಮುಂಬಯಿಯ ಪೊಲೀಸರಿಗೂ ದೂರು ಬರೆದುಕೊಟ್ಟರೆ ತಾವು ಮುಂದಕ್ಕೆ ಕಳಿಸುವುದಾಗಿ ರಾಮಲಿಂಗಪ್ಪ ಹೇಳಿದರು. ಏನಾಗುತ್ತದೆಂದು ಹೇಳಲಾರೆ, ಬರೆಯದೆ ಇದ್ದರೆ ಮಾತ್ರ ಏನೂ ಆಗುವುದಿಲ್ಲ ಎಂದರು.

ಆ ಭಾನುವಾರ ಸಾವಿತ್ರೆವ್ವ ರಾಚವ್ವನನ್ನು ಕರೆದುಕೊಂಡು ಲಗಮವ್ವನ ಮನೆಗೆ ಬಂದಳು. ಕೇರಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ಒಂದು ಗಳಿಗೆ ತಡವರಿಸಿದಳು.

"ಒಳಗ ಬರ್ರಿ, ಕುಂದರ್ರಿ," ಎಂದು ಶೆಟ್ಟೆವ್ವ ಚಾಪೆ ಹಾಸಿದಳು.

ರಾಚವ್ವ ಅಳುತ್ತಲೇ ಹೇಳತೊಡಗಿದಳು. ಲಗಮವ್ವ ಅವಳನ್ನು ತಡೆದಳು. "ಸಾವಕಾಶ ಹೇಳ್ರಿ. ಮದಲ ಯಾವ ತಾರೀಖಿಗೆ ಕಳಿಸಿದ್ರಿ, ಪಾವತಿ ನಂಬರ್ ಏನೈತಿ, ಅದನ್ನ ಹೇಳ್ರಿ," ಎಂದು ಹೊಸ ಹಾಳೆಯ ಮೇಲೆ 'ಮಾನ್ಯರೇ' ಎಂದು ಬರೆದಳು.