ಬರುವ ದುಡ್ಡಿಗೆ ಬೀಗವಿಲ್ಲ

ಮಂಡಿಕಲ್ಲಿನಲ್ಲಿ ಬಸ್ಸಿಳಿದು ಕಲ್ಯಾಣಿ ಮನೆ ಕಡೆ ಬಿರಬಿರನೆ ನಡೆದಳು. ಗಂಡ ಮುನೇಶ್ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಮ್ಮ ದುಡ್ಡು ಕಳ್ಕೊಂಡವ್ಳೆ, ಬೇಗ ಬಾ."

ಹೇಗೆ ಕಳೆಯಿತೆಂದು ಅವಳು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮಧ್ಯಾಹ್ನ ಚಿಕ್ಕಬಳ್ಳಾಪುರದ ಕಾಲೇಜಿನ ಕಚೇರಿಯಲ್ಲಿ, ಕಿಟಕಿಯಾಚೆ ಅಡ್ಮಿಷನ್ನಿನ ಸಾಲು ಬೆಳೆಯುತ್ತಿದ್ದಾಗ, ಅತ್ತೆ ಅಕ್ಕಯಮ್ಮ ಫೋನ್ ಮಾಡಿದ್ದರು.

"ಕಲ್ಯಾಣಮ್ಮ, ಕೋಳಿಗಳಿಗೆ ಅಡ್ವಾನ್ಸ್ ಕಳ್ಸವ್ನೆ ಕಣೇ ಚಿಂತಾಮಣಿಯವ್ನು. ಫೋನು ನನ್ನ ನಾಲ್ಕು ಅಂಕಿ ಕೇಳ್ತೈತೆ. ಹಾಕ್ಲಾ?"

"ಹಾಕಿ ಅತ್ತೆ, ಹಾಕಿ. ಇಲ್ಲಿ ಜನ ನಿಂತವ್ರೆ."

ಅಷ್ಟೇ. ಕತ್ತಿನ ಸಂದಿಗೆ ಸಿಕ್ಕಿಸಿಕೊಂಡಿದ್ದ ಫೋನು ಮತ್ತೆ ಮೇಜಿಗೆ ಬಿದ್ದಿತ್ತು.

ನಾಟಿ ಕೋಳಿಗಳ ಫೋಟೋ ಹಾಕಿ, ಅತ್ತೆಯ ಫೋನ್ ನಂಬರನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಿದವಳು ಅವಳೇ. ಆ ಫೋನಿಗೆ ದುಡ್ಡಿನ ಆ್ಯಪ್ ಹಾಕಿಕೊಟ್ಟು ಕಲಿಸಿದವಳೂ ಅವಳೇ. ಕಲಿಸಿದ್ದಾದರೂ ಏನು? ಪಿಂಚಣಿ ಬಂತೇ ಎಂದು ನೋಡುವುದನ್ನು. "ಇಲ್ಲಿ ಒತ್ತಿ, ನಿಮ್ಮ ನಾಲ್ಕು ಅಂಕಿ ಹಾಕಿ, ಎಷ್ಟೈತೆ ಅಂತ ತೋರಿಸ್ತೈತೆ." ಅಂಕಿ ಹಾಕಿದರೆ ದುಡ್ಡು ಕಾಣಿಸುತ್ತದೆ, ಅತ್ತೆಗೆ ತಿಳಿದಿದ್ದ ಲೋಕ ಅದು. ದುಡ್ಡು ಕೊಡುವುದಕ್ಕೂ ಅದೇ ಅಂಕಿ ಎಂಬುದನ್ನು ಇನ್ನೊಂದು ದಿನ ಹೇಳಿದರಾಯಿತೆಂದು ಬಿಟ್ಟಿದ್ದಳು.

ಜಗಲಿಯ ಮೇಲೆ ಅಕ್ಕಯಮ್ಮ ಗೋಡೆಗೊರಗಿ ಕೂತಿದ್ದರು. ಕೋಳಿಗಳು ಇನ್ನೂ ಹೊರಗೇ ಕೆದಕುತ್ತಿದ್ದವು. ಅವನ್ನು ಗೂಡಿಗೆ ಸೇರಿಸುವುದೂ ಅವರಿಗೆ ನೆನಪಾದಂತಿರಲಿಲ್ಲ.

ಮುನೇಶ್ ಫೋನನ್ನು ಹೆಂಡತಿಯ ಮುಂದೆ ಹಿಡಿದ. "ನೋಡು. ಎರಡು ಸಲ, ಎರಡೆರಡು ಸಾವಿರ. ಅವನು ಕಳ್ಸಿರೋದು ದುಡ್ಡಲ್ಲ, ದುಡ್ಡು ಕೊಡಿ ಅನ್ನೋ ಕೋರಿಕೆ. 'ಪಾವತಿಸಿ' ಅಂತ ದೊಡ್ಡದಾಗಿ ಬರ್ದೈತೆ. ಅಮ್ಮ ಅದನ್ನೇ ಒತ್ತಿ ಪಿನ್ ಹಾಕವ್ಳೆ."

"ಮೊದಲ್ನೇದು ಸಿಕ್ಕಾಕ್ಕೊಂಡೈತೆ, ಇನ್ನೊಂದ್ಸಲ ಹಾಕಮ್ಮಾ, ಎರಡೂ ಒಟ್ಟಿಗೆ ಬರ್ತವೆ ಅಂದ ಕಣಪ್ಪ," ಎಂದರು ಅಕ್ಕಯಮ್ಮ. "ಎಷ್ಟು ಮರ್ಯಾದೆಯಾಗಿ ಮಾತಾಡ್ದ. ಅಮ್ಮಾ ಅಮ್ಮಾ ಅಂತಿದ್ದ."

"ಅಮ್ಮಾ ಅಂದೋರ್ಗೆಲ್ಲಾ ಬಾಗ್ಲು ತೆಗೀತೀಯಾ? ಕೋಳಿ ಮಾರಕ್ಕೆ ಹೋಗಿ ನೀನೇ ಕೋಳಿ ಆಗ್ಬಿಟ್ಟೆ ನೋಡು. ಒತ್ತೋ ಮುಂಚೆ ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?"

ಅಕ್ಕಯಮ್ಮ ಸೊಸೆಯ ಕಡೆ ತಿರುಗಲೇ ಇಲ್ಲ.

"ಯಾರನ್ನೂ ಕೇಳ್ಲಿಲ್ಲ ಕಣಪ್ಪ. ಬುದ್ಧಿ ಇಲ್ದೋಳು, ನಾನೇ ಒತ್ತಿದೆ. ಆ ಫೋನು ನಂಗೆ ಬ್ಯಾಡ, ನೀನೇ ಇಟ್ಕೊ."

ಆ ಸುಳ್ಳು ಕಲ್ಯಾಣಿಯ ಮೇಲೆ ಹೊದಿಕೆಯಂತೆ ಬಿತ್ತು. ಅದರೊಳಗೆ ಬೆಚ್ಚಗಿರಬಹುದಿತ್ತು. ಮುನೇಶ್‌ಗೆ ಎಂದೂ ಗೊತ್ತಾಗುವುದಿಲ್ಲ, ಅತ್ತೆ ಎಂದೂ ಹೇಳುವುದಿಲ್ಲ. ಆದರೆ ಗಂಡ ಸತ್ತ ಮೇಲೆ ಮೊದಲ ಬಾರಿಗೆ ತನ್ನದೆಂಬ ಖಾತೆ ಹಿಡಿದು, ಬಂದವರಿಗೆಲ್ಲ "ನಂದೂ ಆನ್‌ಲೈನು" ಎಂದು ನಗುತ್ತಿದ್ದ ಹೆಂಗಸು, ನಾಳೆಯಿಂದ ಹತ್ತು ರೂಪಾಯಿಗೂ ಮಗನ ಮುಂದೆ ಕೈಚಾಚಿ ನಿಲ್ಲುತ್ತಾಳೆ. ಅದನ್ನು ದಿನವೂ ನೋಡಬೇಕು.

"ನನ್ನ ಕೇಳಿದ್ರು," ಎಂದಳು ಕಲ್ಯಾಣಿ. "ಫೋನ್ ಮಾಡಿ ನನ್ನನ್ನೇ ಕೇಳಿದ್ರು. ನಾನು ನೋಡ್ದೆ, ಏನಂತಲೂ ಕೇಳ್ದೆ, ಹಾಕಿ ಅಂದ್ಬಿಟ್ಟೆ."

ಮುನೇಶ್ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಕರೆ ಮಾಡಿ ದೂರು ಬರೆಸಲು ಅಂಗಳಕ್ಕಿಳಿದ. ಬ್ಯಾಂಕಿಗೂ ತಿಳಿಸಬೇಕಿತ್ತು. ವಾಪಸು ಬರುತ್ತದೆಂದು ಯಾರೂ ಮಾತು ಕೊಡಲಿಲ್ಲ.

"ನಾನು ಮುಚ್ಚಿದ್ದನ್ನ ನೀನ್ಯಾಕೆ ಬಿಚ್ಚಕ್ಕೋದೆ?" ಅಕ್ಕಯಮ್ಮ ಗದರಿದರು. "ಅವನ ಬಾಯಿಗೆ ನಾನೊಬ್ಳು ಸಾಲ್ದಾ?"

"ತಪ್ಪು ನಂದು ಅತ್ತೆ."

"ಹೂಂ. ನಿಂದೇ." ಅಷ್ಟು ನೇರವಾಗಿ ಹೇಳುತ್ತಾರೆಂದು ಕಲ್ಯಾಣಿ ಎಣಿಸಿರಲಿಲ್ಲ. "ಕೇಳ್ದಾಗ ಒಂದು ಗಳಿಗೆ ನಿಲ್ಬೇಕಿತ್ತು ನೀನು."

ಮಾರನೆಯ ಬೆಳಿಗ್ಗೆ ಕಲ್ಯಾಣಿ ರಜೆ ಹಾಕಿದಳು. ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದ ಅತ್ತೆಯ ಪಕ್ಕ ಫೋನು ಹಿಡಿದು ಕೂರುವಷ್ಟರಲ್ಲಿ ಅದು ಸದ್ದು ಮಾಡಿತು. ಬೇರೆ ಹೆಸರು, ಅದೇ ಎರಡು ಸಾವಿರ, ಅದೇ ಕೋರಿಕೆ.

ಅಕ್ಕಯಮ್ಮ ಹಿಂದೆ ಸರಿದರು. "ನೀನೇ ನೋಡಮ್ಮ."

"ನೀವೇ ನೋಡಿ. ಬರೋ ದುಡ್ಡು ತಾನಾಗೇ ಖಾತೆಗೆ ಬೀಳ್ತೈತೆ ಅತ್ತೆ, ಏನನ್ನೂ ಒತ್ತೋದು ಬೇಕಿಲ್ಲ. ಬಂದದ್ದನ್ನ ನೋಡ್ಬೇಕಾದ್ರೆ ನೀವೇ ಹೋಗಿ ನೋಡ್ತೀರ. ಇನ್ನೊಬ್ರು ಕಳ್ಸಿದ್ದಕ್ಕೆ ಅಂಕಿ ಹಾಕಿದ್ರೆ, ನಿಮ್ಮ ದುಡ್ಡು ಅವ್ರಿಗೆ ಹೋಗಕ್ಕೆ ಬೀಗ ತೆಗೆದಂಗೆ."

ಅಕ್ಕಯಮ್ಮ ಬೆರಳಿನ ನುಚ್ಚನ್ನು ಸೆರಗಿಗೆ ಒರೆಸಿಕೊಂಡು, ಅಕ್ಷರ ಕೂಡಿಸುತ್ತಾ ಓದಿದರು. "ನಿ... ರಾ... ಕರಿಸಿ." ಒತ್ತುವ ಮುನ್ನ ತಲೆಯೆತ್ತಿ ಸೊಸೆಯ ಮುಖ ನೋಡಿದರು.

"ಒತ್ಲಾ?"

ಅದೇ ದನಿ, ನಿನ್ನೆಯದು. ಕಲ್ಯಾಣಿ ಫೋನಿಗೆ ಬಾಗಿ, ಅಲ್ಲಿದ್ದ ಒಂದೊಂದು ಮಾತನ್ನೂ ತಾನೂ ಓದಿದಳು. ಆಮೇಲೆ ಹೇಳಿದಳು:

"ಒತ್ತಿ ಅತ್ತೆ."